ಪಾರ್ಕಿಂಗ್ ಬೀಮಿನಲ್ಲಿ ಓರೆ ಬಿರುಕು: ಭಾರದ ದಾರಿ ಎಲ್ಲಿ ತಪ್ಪಿತೆಂದು ಹುಡುಕುವ ಬಗೆ

ಲಕ್ಷಣ

ಕೆಳಗೆ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ಮೂರು ಮಹಡಿ. ಬೆಂಗಳೂರಿನ 30×40 ಸೈಟುಗಳಲ್ಲಿ ಇಂಥ ಮನೆಗಳು ಬೀದಿ ತುಂಬ ಇವೆ. ಇವುಗಳಿಂದ ಬರುವ ಬಿರುಕಿನ ದೂರುಗಳಲ್ಲಿ ಹೆಚ್ಚಿನವು ಪ್ಲಾಸ್ಟರಿನವು, ಕಾಯಬಹುದು. ಒಂದು ಬಗೆಯದು ಮಾತ್ರ ಕಾಯುವಂಥದ್ದಲ್ಲ: ಪಾರ್ಕಿಂಗಿನ ಸೂರಿನಲ್ಲಿ ಕಾಣುವ ಬೀಮಿನ ಮೇಲೆ, ಪಿಲ್ಲರಿನ ಪಕ್ಕದಲ್ಲೇ, ಕೆಳಗಿನ ಅಂಚಿನಿಂದ ಓರೆಯಾಗಿ ಮೇಲಕ್ಕೇರುವ ಬಿರುಕು. ಅದರ ಜೊತೆಗೆ ಮೇಲಿನ ಮಹಡಿಗಳಲ್ಲಿ ಒಂದೇ ಜಾಗದ ಗೋಡೆಗಳು ಸೀಳಿರುತ್ತವೆ, ಒಂದೆರಡು ಬಾಗಿಲು ಚೌಕಟ್ಟಿಗೆ ಉಜ್ಜುತ್ತಿರುತ್ತವೆ.

ಬಿರುಕು ಪಾರ್ಕಿಂಗಿನಲ್ಲಿ ಕಂಡಿತೆಂದು ಎಲ್ಲರೂ ಆ ಬೀಮನ್ನೇ ನೋಡುತ್ತಾರೆ. ಸಿಮೆಂಟು ಕಡಿಮೆಯಾಯಿತೇ, ಕಬ್ಬಿಣ ಕದ್ದರೇ, ಕ್ಯೂರಿಂಗ್ ಸರಿಯಾಗಲಿಲ್ಲವೇ ಎಂದು ಮಾತು ಶುರುವಾಗುತ್ತದೆ. ಅವೆಲ್ಲ ಸರಿಯಾಗಿದ್ದೂ ಬೀಮು ಬಿರಿಯಬಹುದು. ಟೆರೇಸಿನಿಂದ ಹೊರಟ ಭಾರ ಇಳಿಯುತ್ತ ಬಂದು, ನಕ್ಷೆಯಲ್ಲಿ ಯಾರೂ ಲೆಕ್ಕ ಹಾಕದ ಒಂದು ಅಡ್ಡದಾರಿ ಹಿಡಿದಿರುತ್ತದೆ. ಆ ಅಡ್ಡದಾರಿಯನ್ನು ಪತ್ತೆ ಮಾಡುವುದು ಹೇಗೆಂದು ಒಂದು ಮನೆಯ ಉದಾಹರಣೆಯೊಂದಿಗೆ ಬರೆಯುತ್ತಿದ್ದೇನೆ. ಅಳತೆಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ದುಂಡಗೆ ಮಾಡಿಕೊಂಡಿದ್ದೇನೆ.

ಮೊದಲು ಊರೆ, ಆಮೇಲೆ ಪತ್ತೆ

ಬೀಮಿನ ಓರೆ ಬಿರುಕು ಅಗಲದಲ್ಲಿ 0.3 ಮಿ.ಮೀ. ದಾಟಿದ್ದರೆ, ಅದೇ ಗೆರೆ ಬೀಮಿನ ಎರಡೂ ಮುಖಗಳಲ್ಲಿ ಕಾಣುತ್ತಿದ್ದರೆ, ಕಾರಣ ತಿಳಿಯುವವರೆಗೆ ಕಾಯಬೇಡಿ, ಮೊದಲು ಬೀಮಿನಡಿ ಊರೆ, ಅಂದರೆ ತಾತ್ಕಾಲಿಕ ಆಸರೆಯ ಕಂಬ, ಕೊಡಿ. ಬಾಗುವಿಕೆಯಿಂದ ಸೋಲುವ ಬೀಮು ಜೋತುಬಿದ್ದು, ಬಿರುಕು ಅಗಲಿಸಿಕೊಂಡು, ಸಾಕಷ್ಟು ಮುನ್ಸೂಚನೆ ಕೊಡುತ್ತದೆ. ಶಿಯರ್‌ನಿಂದ, ಅಂದರೆ ಕತ್ತರಿಸುವ ಬಲದಿಂದ, ಸೋಲುವ ಬೀಮು ಅಷ್ಟು ಸಮಯ ಕೊಡುವುದಿಲ್ಲ.

ಊರೆ ಕೊಡುವಾಗ ಎರಡು ತಪ್ಪುಗಳನ್ನು ಪದೇ ಪದೇ ನೋಡುತ್ತೇನೆ. ಮೋಲ್ಡ್ ಹಾಕುವಾಗ ಬಳಸುವ ಜಾಕಿಗಳನ್ನು ನಾಲ್ಕು ತಂದು ನಿಲ್ಲಿಸುವುದು ಮೊದಲನೆಯದು. ಮೂರು ಮೀಟರ್‌ ಎತ್ತರಕ್ಕೆ ಎಳೆದ ಅಂಥ ಒಂದು ಜಾಕಿ ಹೊರುವುದು ಸುಮಾರು ಎರಡು ಟನ್ ಆಸುಪಾಸು. ಇಲ್ಲಿ ಇಳಿಯುತ್ತಿರುವುದು ನಲವತ್ತು ಟನ್ ಇರಬಹುದು. ಉಕ್ಕಿನ ಐ-ಸೆಕ್ಷನ್ ಕಂಬಗಳೋ, ಒತ್ತಾಗಿ ಕಟ್ಟಿದ ಸಾಲಿಡ್ ಬ್ಲಾಕಿನ ದಪ್ಪ ಕಂಬವೋ ಬೇಕು. ಎರಡನೆಯ ತಪ್ಪು, ಊರೆಯ ಕಾಲು ಎಲ್ಲಿ ನಿಂತಿದೆ ಎಂದು ನೋಡದಿರುವುದು. ನಮ್ಮೂರಿನಲ್ಲಿ ಪಾರ್ಕಿಂಗಿನ ನೆಲದಡಿಯೇ ನೀರಿನ ಸಂಪು ಇರುತ್ತದೆ. ಸಂಪಿನ ಮುಚ್ಚಳದ ಸ್ಲ್ಯಾಬಿನ ಮೇಲೆ ಊರೆ ನಿಲ್ಲಿಸಿದರೆ ಅಪಾಯ ಒಂದಿದ್ದದ್ದು ಎರಡಾಗುತ್ತದೆ. ಪೇವರ್ ಬ್ಲಾಕುಗಳನ್ನು ಕಿತ್ತು, ಗಟ್ಟಿ ಮಣ್ಣಿನ ತನಕ ಬಗೆದು, ಕಾಂಕ್ರೀಟಿನ ಹಾಸು ಹಾಕಿ ಅದರ ಮೇಲೆ ನಿಲ್ಲಿಸಬೇಕು. ಊರೆ ಬರಬೇಕಾದದ್ದು ಬೀಮಿನ ನಟ್ಟನಡುವೆ ಅಲ್ಲ, ಮೇಲಿನಿಂದ ಭಾರ ಬಂದು ಕೂರುವ ಬಿಂದುವಿನ ಕೆಳಗೆ. ಆ ಬಿಂದು ಯಾವುದೆಂದು ಮೊದಲ ದಿನ ಗೊತ್ತಿಲ್ಲದಿದ್ದರೆ ಓರೆ ಬಿರುಕಿನ ಮೇಲಿನ ತುದಿಯ ನೇರ ಕೆಳಗೆ ನಿಲ್ಲಿಸಿ. ಹೆಚ್ಚಿನ ಸಲ ಅದೇ ಸರಿಯಾದ ಜಾಗವಾಗಿರುತ್ತದೆ.

ಬಿರುಕು ಏನು ಹೇಳುತ್ತಿದೆ

ಉದಾಹರಣೆಯ ಮನೆಯನ್ನು ಮೊದಲು ಸ್ಟಿಲ್ಟ್ ಮತ್ತು ಎರಡು ಮಹಡಿಗೆಂದು ಕಟ್ಟಿದ್ದರು. ವರ್ಷಗಟ್ಟಲೆ ಏನೂ ಆಗಲಿಲ್ಲ. ಬಾಡಿಗೆಗೆಂದು ಮೂರನೆಯ ಮಹಡಿ ಎಬ್ಬಿಸಿ, ಗೋಡೆ ಕಟ್ಟಿ, ಟೈಲ್ಸ್ ಹಾಕಿ ಮುಗಿಸುವ ಹೊತ್ತಿಗೆ ಪಾರ್ಕಿಂಗಿನ ಬೀಮು ಬಿರಿಯಿತು. ಮಾಲೀಕರು ಕೇಳಿದ್ದು, "ಸಾರ್, ಪುಟ್ಟಿ ಹಾಕಿ ಪೇಂಟ್ ಮಾಡಿಸಿದ್ರೆ ಆಗಲ್ವಾ? ಮೇಸ್ತ್ರಿ ಹಂಗೇ ಹೇಳ್ತಿದಾರೆ."

ಪುಟ್ಟಿಗೆ ಮುಂಚೆ ಪ್ಲಾಸ್ಟರ್ ಕೆತ್ತಿ ನೋಡಬೇಕು. ಬಿರುಕು ಪ್ಲಾಸ್ಟರಿನಲ್ಲೇ ನಿಂತು ಕಾಂಕ್ರೀಟು ಗಟ್ಟಿಯಾಗಿದ್ದರೆ ಅಲ್ಲಿಗೆ ಮುಗಿಯಿತು. ಬ್ಲಾಕಿನ ಗೋಡೆಯೂ ಪಿಲ್ಲರೂ ಸೇರುವಲ್ಲಿ ನೆಟ್ಟಗೆ ಬಿಟ್ಟುಕೊಂಡ ಗೆರೆಯೂ ಭಾರದ ವಿಷಯವಲ್ಲ. ಬೀಮಿನ ಕೆಳ ಅಂಚಿನುದ್ದಕ್ಕೂ ಕಂಬಿಯ ಸಾಲಿನಲ್ಲೇ ಸಾಗುವ ಬಿರುಕು, ಜೊತೆಗೆ ತುಕ್ಕಿನ ಕಲೆ, ಇವು ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದ್ದನ್ನು ಹೇಳುತ್ತವೆ. ಬೀಮಿನ ನಡುಭಾಗದಲ್ಲಿ ಕೆಳಗಿನಿಂದ ನೆಟ್ಟಗೆ ಏಳುವ ಸಣ್ಣ ಬಿರುಕುಗಳು ಬಾಗುವಿಕೆಯವು.

ಈ ಮನೆಯಲ್ಲಿ ಬಿರುಕು ಕಾಂಕ್ರೀಟಿನೊಳಗೆ ಹೋಗಿತ್ತು. ಬೀಮಿನ ನಡುಭಾಗದಲ್ಲಿ ಏನೂ ಇರಲಿಲ್ಲ. ಪಿಲ್ಲರಿನ ಮುಖದಿಂದ ಶುರುವಾಗಿ, ಓರೆಯಾಗಿ ಏರಿ, ಸ್ಲ್ಯಾಬಿನ ಅಡಿ ಮುಟ್ಟುವಾಗ ಪಿಲ್ಲರಿನಿಂದ ಎರಡು ಅಡಿಗೂ ಸ್ವಲ್ಪ ಆಚೆ ನಿಂತಿತ್ತು. ಇಷ್ಟು ಗಿಡ್ಡ ಅಂತರದಲ್ಲಿ ಇಷ್ಟು ಓರೆಯ ಬಿರುಕು ಬರುವುದು ಹರಡಿಕೊಂಡ ಭಾರದಿಂದಲ್ಲ. ಮೇಲಿನಿಂದ ಒಂದೇ ಬಿಂದುವಿಗೆ ಏನೋ ದೊಡ್ಡದು ಒತ್ತುತ್ತಿದೆ, ಆ ಒತ್ತಡ ಕೆಳಗಿನ ಪಿಲ್ಲರಿನತ್ತ ಓರೆಯಾಗಿ ಸಾಗುತ್ತಿದೆ ಎಂದರ್ಥ. ಬಿರುಕಿನ ಕೆಳ ತುದಿ ಆಸರೆಯನ್ನೂ ಮೇಲ್ತುದಿ ಭಾರವನ್ನೂ ತೋರಿಸುತ್ತದೆ.

ಮೇಲಿನ ಮಹಡಿಗಳಿಗೆ ಹೋಗಿ ಅದೇ ಜಾಗದ ಗೋಡೆಗಳನ್ನು ನೋಡಿದಾಗ ಗುಮಾನಿ ಗಟ್ಟಿಯಾಯಿತು. ಗೋಡೆಯಲ್ಲಿ ಹುದುಗಿದ್ದ ಒಂದು ಪಿಲ್ಲರಿನ ಎರಡೂ ಬದಿಯ ಬಿರುಕುಗಳು ಆ ಪಿಲ್ಲರಿನ ಕಡೆಗೇ ಏರುತ್ತ ಹೋಗಿದ್ದವು, ಗುಡಿಸಲಿನ ಮಾಡಿನ ಎರಡು ಇಳಿಜಾರುಗಳ ಹಾಗೆ. ಗೋಡೆಯ ಒಂದು ತುದಿ ಕೆಳಗಿಳಿದರೆ ಬಿರುಕು ಇಳಿದ ತುದಿಯ ಕಡೆಗೆ ಏರುತ್ತದೆ. ಎರಡೂ ಬದಿಯಿಂದ ಹೀಗೆ ಏರಿದ್ದರೆ ನಡುವಿನ ಪಿಲ್ಲರೇ ಇಳಿದಿದೆ.

ಇಲ್ಲಿ ನೀರಿನ ಟ್ಯೂಬ್ ಲೆವೆಲ್ ಬಹಳ ಸಹಾಯಕ್ಕೆ ಬರುತ್ತದೆ. ಒಂದು ಸ್ಲ್ಯಾಬು ಮಾತ್ರ ಜೋತುಬಿದ್ದಿದ್ದರೆ ತಗ್ಗು ಆ ಮಹಡಿಯಲ್ಲಿ ಮಾತ್ರ ಸಿಗುತ್ತದೆ. ಪಿಲ್ಲರಿನ ಬುಡವೇ ಇಳಿದಿದ್ದರೆ ಅದರ ಮೇಲಿರುವುದೆಲ್ಲ ಒಟ್ಟಿಗೆ ಇಳಿದು, ತಗ್ಗು ಎಲ್ಲ ಮಹಡಿಗಳಲ್ಲೂ ಸಿಗುತ್ತದೆ. ಈ ಮನೆಯಲ್ಲಿ ಮೊದಲ ಮತ್ತು ಎರಡನೆಯ ಮಹಡಿಗಳಲ್ಲಿ ಸುಮಾರು 7 ಮಿ.ಮೀ. ತಗ್ಗಿತ್ತು, ಮೂರನೆಯದರಲ್ಲಿ 3 ಮಿ.ಮೀ. ಮಾತ್ರ. ಈ ವ್ಯತ್ಯಾಸಕ್ಕೂ ಅರ್ಥವಿದೆ. ಮೂರನೆಯ ಮಹಡಿಯ ಕೆಲಸ ಲೆವೆಲ್ ನೋಡಿಕೊಂಡು ಆದದ್ದು, ಅಷ್ಟರೊಳಗೆ ಹಳೆಯ ಭಾಗ ಅರ್ಧದಷ್ಟು ಇಳಿದಾಗಿತ್ತು. ಅಂದರೆ ಇಳಿಯುವುದು ಹೊಸ ಮಹಡಿಯಿಂದ ಶುರುವಾದದ್ದಲ್ಲ. ಮೊದಲಿಂದಲೂ ಇದ್ದದ್ದು ಹೊಸ ಭಾರದಿಂದ ಹೆಚ್ಚಾಯಿತು.

ಬುಡ ಇಳಿದಿರುವುದು ಮಣ್ಣಿನ ಕುಸಿತದಿಂದಲೂ ಆಗಬಹುದಲ್ಲ? ಕೆರೆಯಂಗಳ ತುಂಬಿ ಮಾಡಿದ ಲೇಔಟುಗಳಲ್ಲಿ ಅದು ಮೊದಲ ಅನುಮಾನವೇ. ಹಾಗಿದ್ದರೆ ಸ್ಟಿಲ್ಟಿನ ಪಿಲ್ಲರೂ ಇಳಿದಿರಬೇಕು, ಅದರ ಸುತ್ತ ಪಾರ್ಕಿಂಗಿನ ನೆಲ ಸಡಿಲಗೊಂಡಿರಬೇಕು. ಇಲ್ಲಿ ಸ್ಟಿಲ್ಟಿನ ಪಿಲ್ಲರುಗಳ ಮೇಲೆಲ್ಲ ಲೆವೆಲ್ ಗೆರೆ ಹಾಕಿ ನೋಡಿದರೆ ಅವು ಇದ್ದಲ್ಲೇ ಇದ್ದವು. ಮೇಲಿನ ಪಿಲ್ಲರು ಇಳಿದಿದೆ, ಕೆಳಗಿನದು ಇಳಿದಿಲ್ಲ. ಹಾಗಾದರೆ ಇವೆರಡೂ ಒಂದೇ ಪಿಲ್ಲರಲ್ಲ.

ಎರಡೂವರೆ ಅಡಿ

ಮೇಲಿನ ಪಿಲ್ಲರು ಪ್ಲಾಸ್ಟರಿನೊಳಗೆ ಅಡಗಿರುವುದರಿಂದ ಅದರ ಜಾಗವನ್ನು ಊಹಿಸಬಾರದು. ಕಂಬಿ ಪತ್ತೆ ಮಾಡುವ ಯಂತ್ರ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಪ್ಲಾಸ್ಟರನ್ನು ಅಂಗೈಯಗಲ ಕೆತ್ತಿ ಕಾಂಕ್ರೀಟು ಎಲ್ಲಿ ಮುಗಿದು ಬ್ಲಾಕು ಎಲ್ಲಿ ಶುರುವಾಗುತ್ತದೆ ಎಂದು ನೋಡಿ. ಆಮೇಲೆ ಪ್ರತಿ ಮಹಡಿಯಲ್ಲೂ ಒಂದೇ ಹೊರಗೋಡೆಯಿಂದ ಅಳತೆ ತೆಗೆಯಿರಿ. ಆ ಹೊರಗೋಡೆ ತಾನೇ ನೆಟ್ಟಗಿದೆಯೇ ಎಂದು ಟೆರೇಸಿನಿಂದ ತೂಕದ ಗುಂಡು ಇಳಿಬಿಟ್ಟು ಖಚಿತ ಮಾಡಿಕೊಳ್ಳಿ.

ಮನೆಯ ಅಗಲಕ್ಕೆ ಎ, ಬಿ, ಸಿ ಎಂಬ ಮೂರು ಸಾಲು, ನಾಲ್ಕು ನಾಲ್ಕು ಮೀಟರ್ ಅಂತರ. ಉದ್ದಕ್ಕೆ 1ರಿಂದ 4ರವರೆಗೆ ನಾಲ್ಕು ಸಾಲು, ಮೂರೂವರೆ ಮೀಟರ್ ಅಂತರ. ಒಟ್ಟು ಹನ್ನೆರಡು ಪಿಲ್ಲರು. ಬಿರುಕಿದ್ದದ್ದು ನಡುವಿನ ಬಿ2ರ ಬಳಿ. ಮೂರೂ ಮಹಡಿಗಳಲ್ಲಿ ಬಿ2 ಇದ್ದದ್ದು ಎ2ರಿಂದ 4 ಮೀಟರಿಗೆ. ಸ್ಟಿಲ್ಟಿನಲ್ಲಿ 3.25 ಮೀಟರಿಗೆ. ಮುಕ್ಕಾಲು ಮೀಟರ್, ಅಂದರೆ ಎರಡೂವರೆ ಅಡಿ, ಎ ಕಡೆಗೆ ಜರುಗಿತ್ತು.

ಹಳೆಯ ಮೇಸ್ತ್ರಿಯನ್ನು ಕರೆಸಿ ಕೇಳಿದಾಗ ಅವರು ಏನನ್ನೂ ಮುಚ್ಚಿಡಲಿಲ್ಲ. "ಎರಡನೇ ಕಾರು ತಿರುಗ್ತಿರ್ಲಿಲ್ಲ ಸಾರ್. ಪ್ಲಾನಲ್ಲೇ ಆಮೇಲೆ ಜರುಗಿಸಿ ಕೊಟ್ರು. ಬೀಮು ದಪ್ಪ ಮಾಡಿದೀವಲ್ಲ, ಏನಾಗುತ್ತೆ ಅಂತ ಅಂದ್ಕೊಂಡ್ವಿ." ಬೀಮು ನಿಜಕ್ಕೂ ದಪ್ಪವಿತ್ತು. ಉಳಿದವು 200×450 ಮಿ.ಮೀ. ಇದ್ದರೆ ಅದು 230×600. ಆದರೆ ಆ ದಪ್ಪ ಯಾವ ಲೆಕ್ಕದಿಂದ ಬಂತೆಂದು ಯಾವ ಕಾಗದದಲ್ಲೂ ಇರಲಿಲ್ಲ.

ಭಾರದ ಪಾಲು: ಮೇಲಿನಿಂದ ಇಳಿಸುತ್ತ ಬನ್ನಿ

ಈಗ ಲೆಕ್ಕ. ಪ್ರತಿ ಪಿಲ್ಲರಿಗೂ ಪ್ರತಿ ಸ್ಲ್ಯಾಬಿನಲ್ಲಿ ಒಂದು ಪಾಲು ಇರುತ್ತದೆ. ಇಂಜಿನಿಯರುಗಳು ಇದನ್ನು ಟ್ರಿಬ್ಯೂಟರಿ ಏರಿಯಾ ಎನ್ನುತ್ತಾರೆ. ನಾಲ್ಕೂ ದಿಕ್ಕಿನಲ್ಲಿ ಪಕ್ಕದ ಪಿಲ್ಲರಿನವರೆಗಿನ ಅರ್ಧ ದೂರಕ್ಕೆ ಗೆರೆ ಎಳೆದರೆ ಆಗುವ ಆಯತವೇ ಅದು. ಬಿ2ಕ್ಕೆ 4 ಗುಣಿಸು 3.5, ಅಂದರೆ 14 ಚದರ ಮೀಟರ್, ನಮ್ಮ ಮಾತಿನಲ್ಲಿ ಒಂದೂವರೆ ಚದರ. ಸಿ2ರಂಥ ಅಂಚಿನ ಪಿಲ್ಲರಿಗೆ 7, ಮೂಲೆಯದಕ್ಕೆ 3.5. ಹನ್ನೆರಡನ್ನೂ ಕೂಡಿದರೆ 84 ಬರಬೇಕು, ಅದು 8 ಗುಣಿಸು 10.5ರ ಇಡೀ ಸ್ಲ್ಯಾಬು. ಈ ಕೂಡಿಕೆ ತಾಳೆಯಾಗದಿದ್ದರೆ ಮುಂದೆ ಹೋಗಬೇಡಿ. ಯಾವುದೋ ತುಣುಕು ಎರಡು ಪಿಲ್ಲರಿಗೆ ಹೋಗಿದೆ ಅಥವಾ ಯಾರಿಗೂ ಹೋಗಿಲ್ಲ.

ಸ್ಲ್ಯಾಬಿನ ಭಾರ ನೇರ ಪಿಲ್ಲರಿಗೆ ಹಾರುವುದಿಲ್ಲ, ಬೀಮುಗಳ ಮೂಲಕ ಬರುತ್ತದೆ. 4×3.5ರ ಒಂದು ಅಂಕಣದ ಮೂಲೆಗಳಿಂದ 45 ಡಿಗ್ರಿಯಲ್ಲಿ ಗೆರೆ ಎಳೆಯಿರಿ. ಕಾಂಕ್ರೀಟು ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456 ಎರಡೂ ದಿಕ್ಕಿಗೆ ಬಾಗುವ ಸ್ಲ್ಯಾಬಿಗೆ ಹೇಳುವುದು ಇದನ್ನೇ. ಗಿಡ್ಡ ಬೀಮುಗಳಿಗೆ ತ್ರಿಕೋನ, ತಲಾ 3.06 ಚದರ ಮೀಟರ್. ಉದ್ದ ಬೀಮುಗಳಿಗೆ ಟ್ರೆಪೀಜಿಯಂ, ತಲಾ 3.94. ಬಿ2ರ ಸುತ್ತಲಿನ ನಾಲ್ಕು ಅಂಕಣಗಳಿಂದ ಅಡ್ಡ ಬೀಮುಗಳು 7.88 ತಂದು ಕೊಡುತ್ತವೆ, ಉದ್ದದ ಸಾಲಿನವು 6.12. ಕೂಡಿದರೆ ಮತ್ತೆ 14. ಪಿಲ್ಲರಿನ ಮೊತ್ತ ಬದಲಾಗಲಿಲ್ಲ, ಆದರೆ ಯಾವ ಬೀಮು ಎಷ್ಟು ಹೊರುತ್ತಿದೆ ಎಂಬುದು ಈಗ ಗೊತ್ತಾಯಿತು. ದೋಷ ಹುಡುಕುವವರಿಗೆ ಈ ಎರಡನೆಯ ವಿಷಯವೇ ಮುಖ್ಯ.

ಇನ್ನು ತೂಕ. ಐದು ಇಂಚಿನ ಸ್ಲ್ಯಾಬು ಚದರ ಮೀಟರಿಗೆ ಸುಮಾರು 3.1 ಕಿಲೋನ್ಯೂಟನ್, ಟೈಲ್ಸ್ ಮತ್ತು ಅದರ ಗಾರೆ 1, ಮನೆಗಳಿಗೆ ಭಾರಗಳ ಮಾನಕ ಐಎಸ್ 875 ಹೇಳುವ ಬಳಕೆಯ ಭಾರ, ಅಂದರೆ ಜನ ಮತ್ತು ಸಾಮಾನಿನದು, 2. ಹತ್ತು ಕಿಲೋನ್ಯೂಟನ್ ಅಂದರೆ ಹೆಚ್ಚುಕಡಿಮೆ ಒಂದು ಟನ್. ಬಿ2ರ 14 ಚದರ ಮೀಟರಿಗೆ ಸ್ಲ್ಯಾಬು ಮತ್ತು ಟೈಲ್ಸಿನಿಂದ 5.8 ಟನ್, ಬಳಕೆಯಿಂದ 2.8. ಬೀಮುಗಳ ಸ್ವಂತ ತೂಕ 1.2, ಪಿಲ್ಲರಿನದು 0.6. ಆರು ಇಂಚಿನ ಸಾಲಿಡ್ ಬ್ಲಾಕಿನ ಗೋಡೆ, ಎರಡೂ ಬದಿ ಪ್ಲಾಸ್ಟರ್ ಸೇರಿ, ಓಟದ ಮೀಟರಿಗೆ 0.9 ಟನ್ ತೂಗುತ್ತದೆ. ಬಾಗಿಲು ಕಿಟಕಿ ಕಳೆದು ಆರು ಮೀಟರ್ ಹಿಡಿದರೆ 5.4. ಗೋಡೆ ಸ್ಲ್ಯಾಬಿನಷ್ಟೇ ತೂಗುತ್ತಿದೆ, ಗಮನಿಸಿ. ವಿಸ್ತೀರ್ಣವನ್ನು ಮಾತ್ರ ಗುಣಿಸಿ ಗೋಡೆ ಬಿಟ್ಟುಬಿಡುವ ಲೆಕ್ಕಗಳು ಮೂರರಲ್ಲೊಂದು ಭಾಗ ಕಡಿಮೆ ತೋರಿಸುವುದು ಇದರಿಂದಲೇ.

ಒಂದು ಮಹಡಿಗೆ ಒಟ್ಟು 15.8 ಟನ್. ಟೆರೇಸಿನಲ್ಲಿ ಗೋಡೆಯಿಲ್ಲ, ನೀರು ಸೋರದಂತೆ ಹಾಕುವ ಪದರ ಸ್ವಲ್ಪ ಹೆಚ್ಚು, ಬಳಕೆಯ ಭಾರ ಕಡಿಮೆ. ಅಲ್ಲಿ 10.4. ನೀರಿನ ಟ್ಯಾಂಕು ಈ ಮನೆಯಲ್ಲಿ ಮೆಟ್ಟಿಲ ಮೇಲಿತ್ತು, ಬಿ2ರ ಪಾಲಿಗೆ ಬರಲಿಲ್ಲ. ಬರುವುದಿದ್ದರೆ ಸಾವಿರ ಲೀಟರಿಗೆ ಒಂದು ಟನ್ ಸೇರಿಸಿ.

ಟೆರೇಸು, ಮೂರನೆಯ ಮಹಡಿ, ಎರಡನೆಯ ಮಹಡಿ: 10.4 ಕೂಡಿಸು 15.8 ಕೂಡಿಸು 15.8. ಮೇಲಿನ ಬಿ2 ಪಿಲ್ಲರಿನ ಬುಡದಲ್ಲಿ 42 ಟನ್. ಹಲವು ಮಹಡಿ ಹೊರುವ ಪಿಲ್ಲರಿಗೆ ಬಳಕೆಯ ಭಾರವನ್ನು ಸ್ವಲ್ಪ ಇಳಿಸಲು ಐಎಸ್ 875 ಅವಕಾಶ ಕೊಡುತ್ತದೆ. ಇಲ್ಲಿ ಅದರಿಂದ ಉಳಿಯುವುದು ಒಂದೂವರೆ ಟನ್, ತೀರ್ಮಾನ ಬದಲಾಗುವುದಿಲ್ಲ.

ಲೆಕ್ಕದಲ್ಲಿ ಸರಿ, ದಾರಿಯಲ್ಲಿ ತಪ್ಪು

ಹಳೆಯ ಲೆಕ್ಕದ ಹಾಳೆಯಲ್ಲಿ ಬಿ2ಕ್ಕೆ ಸ್ಲ್ಯಾಬುಗಳ ಸಂಖ್ಯೆ ಗುಣಿಸು 14 ಎಂದಿತ್ತು. ನಾಲ್ಕು ಸ್ಲ್ಯಾಬಿಗೆ ಈಗ ಅದನ್ನೇ ಮಾಡಿದರೆ ಸ್ಟಿಲ್ಟಿನ ಪಿಲ್ಲರಿಗೆ ಸುಮಾರು 58 ಟನ್ ಬರುತ್ತದೆ. ಪಿಲ್ಲರು 230×450, ಎಂ20 ದರ್ಜೆಯ ಕಾಂಕ್ರೀಟು, 16 ಮಿ.ಮೀ.ನ ಆರು ಕಂಬಿ. ನೇರ ಒತ್ತಡದಲ್ಲಿ ಅದು ಸುರಕ್ಷತೆಯ ಗುಣಕ ಕಳೆದು 80 ಟನ್ ಹೊರುತ್ತದೆ. ಕಾಗದದ ಮೇಲೆ ಎಲ್ಲವೂ ಪಾಸು. ಈ ಬಗೆಯ ದೋಷ ತಪ್ಪಿಸಿಕೊಳ್ಳುವುದೇ ಇಲ್ಲಿ. ಪಾಲಿನ ಲೆಕ್ಕ ಎಷ್ಟು ಭಾರ ಕೆಳಗೆ ತಲುಪುತ್ತದೆ ಎಂದು ಹೇಳುತ್ತದೆ, ಯಾವುದರ ಮೂಲಕ ತಲುಪುತ್ತದೆ ಎಂದು ಹೇಳುವುದಿಲ್ಲ. ಮೇಲಿನ ಪಿಲ್ಲರಿನಿಂದ ಕೆಳಗಿನ ಪಿಲ್ಲರಿಗೆ ನಡುವೆ ಮುಕ್ಕಾಲು ಮೀಟರ್ ಬೀಮು ಇದೆ, ಆ 42 ಟನ್ ಅದನ್ನು ದಾಟಿಯೇ ಹೋಗಬೇಕು.

ಜರುಗಿಸಿದ ಮೇಲೆ ಸ್ಟಿಲ್ಟಿನ ಬಿ2ರಿಂದ ಸಿ2ರವರೆಗಿನ ಬೀಮು 4.75 ಮೀಟರ್ ಆಯಿತು. ಮೇಲಿನ ಪಿಲ್ಲರು ಅದರ ಮೇಲೆ ಬಿ ತುದಿಯಿಂದ 0.75 ಮೀಟರ್ ದೂರದಲ್ಲಿ ಕೂತಿದೆ. ಎರಡು ತುದಿಗೆ ಸರಳವಾಗಿ ಹಂಚಿದರೆ:

```
ಬಿ ತುದಿಗೆ  = 42 × 4.00 / 4.75 = 35.4 ಟನ್
ಸಿ ತುದಿಗೆ  = 42 × 0.75 / 4.75 =  6.6 ಟನ್
```

ಆ ಗಿಡ್ಡ ತುಂಡು ಹೊರಬೇಕಾದ ಶಿಯರ್ 35.4 ಟನ್. ಬೀಮಿನ ಅಗಲ 230, ಒಳಗಿನ ಕಂಬಿಯವರೆಗೆ ಅಳೆದ ಪರಿಣಾಮಕಾರಿ ಆಳ 550 ಮಿ.ಮೀ. ಭಾಗಿಸಿದರೆ ಚದರ ಮಿಲಿಮೀಟರಿಗೆ 2.8 ನ್ಯೂಟನ್. ಎಂ20 ಕಾಂಕ್ರೀಟಿಗೆ ಐಎಸ್ 456 ಇಡುವ ಗರಿಷ್ಠ ಮಿತಿಯೂ 2.8. ಆದರೆ ಆ ಮಿತಿ ಭಾರವನ್ನು ಒಂದೂವರೆ ಪಟ್ಟು ಮಾಡಿದ ಮೇಲಿನ ಮಿತಿ. ಇಲ್ಲಿ ಒಂದೂವರೆ ಪಟ್ಟು ಮಾಡುವ ಮೊದಲೇ ಅಲ್ಲಿಗೆ ಬಂದಿದ್ದೇವೆ. ಮೊದಲ ಮಹಡಿಯ ಸ್ವಂತ ಸ್ಲ್ಯಾಬು, ಗೋಡೆ ಇನ್ನೂ ಸೇರಿಸಿಯೇ ಇಲ್ಲ. ಈ ಮಿತಿ ದಾಟಿದ ಮೇಲೆ ಕಂಬಿಗಳ ಸುತ್ತ ಎಷ್ಟು ಒತ್ತಾಗಿ ರಿಂಗ್ಸ್ ಕಟ್ಟಿದ್ದರೂ ಪ್ರಯೋಜನವಿಲ್ಲ, ಓರೆಯಾಗಿ ಕಾಂಕ್ರೀಟೇ ನುಚ್ಚಾಗುವ ಹಂತ ಅದು.

ಮೂರನೆಯ ಮಹಡಿ ಬರುವ ಮುಂಚೆ? ಆಗ ಆ ಬಿಂದುವಿಗೆ ಟೆರೇಸು ಮತ್ತು ಒಂದು ಮಹಡಿ, 26.2 ಟನ್. ಒತ್ತಡ 1.7ರಷ್ಟು. ಬೀಮು ನರಳುತ್ತಿತ್ತು, ಸ್ವಲ್ಪ ಇಳಿದಿತ್ತು, ಆದರೆ ಹೊತ್ತಿತ್ತು. ಟ್ಯೂಬ್ ಲೆವೆಲ್‌ನಲ್ಲಿ ಕಂಡ 7 ಮತ್ತು 3ರ ಕಥೆಯೂ ಇದೇ.

ಪಾಲಿನ ಲೆಕ್ಕಕ್ಕೆ ಅದರ ಮಿತಿಯೂ ಇದೆ. ಬೀಮು ಪಿಲ್ಲರಿನ ಮೇಲೆ ಹಾದು ಮುಂದಕ್ಕೆ ಹೋಗಿದ್ದರೆ ನಡುವಿನ ಆಸರೆಗೆ ಅರ್ಧಕ್ಕಿಂತ ಹೆಚ್ಚು ಬರುತ್ತದೆ. ಸಮನಾದ ಎರಡು ಅಂಕಣಗಳ ಬೀಮಿನಲ್ಲಿ, ತುದಿಗಳು ಸಡಿಲವಿದ್ದರೆ, ನಡುವಿನ ಪಿಲ್ಲರಿಗೆ ಪಾಲಿನ ಲೆಕ್ಕಕ್ಕಿಂತ ಕಾಲು ಭಾಗ ಹೆಚ್ಚು. ತುದಿಯ ಪಿಲ್ಲರುಗಳು ಬಿಗಿಯಾಗಿ ಹಿಡಿದಷ್ಟೂ ಇದು ಕಡಿಮೆಯಾಗುತ್ತದೆ. ಅಗಲಕ್ಕೆ ಎರಡೇ ಅಂಕಣ ಇರುವ 30×40 ಮನೆಗಳಲ್ಲಿ ನಡುವಿನ ಸಾಲಿನ ಪಿಲ್ಲರಿಗೆ ಹತ್ತರಿಂದ ಹದಿನೈದು ಶೇಕಡಾ ಸೇರಿಸಿ ನೋಡುವುದು ನನ್ನ ಅಭ್ಯಾಸ. ಇಲ್ಲಿ ಅದು ಕೆಟ್ಟದ್ದನ್ನು ಇನ್ನಷ್ಟು ಕೆಡಿಸುತ್ತದೆ ಅಷ್ಟೇ. ದೋಷ ಎಲ್ಲಿದೆ ಎಂದು ಹುಡುಕಲು ಕೈಲೆಕ್ಕ ಸಾಕು, ರಿಪೇರಿಯ ವಿನ್ಯಾಸಕ್ಕೆ ಇಡೀ ಚೌಕಟ್ಟಿನ ವಿಶ್ಲೇಷಣೆ ಬೇಕು. ಅದನ್ನು ಕಂಪ್ಯೂಟರಿನಲ್ಲಿ ಮಾಡುವವರು ಸ್ಟಿಲ್ಟಿನ ಪಿಲ್ಲರನ್ನು ಸೈಟಿನಲ್ಲಿ ಅಳೆದ ಜಾಗದಲ್ಲೇ ಇಡಬೇಕು. ಹಳೆಯ ನಕ್ಷೆಯಿಂದ ಪಿಲ್ಲರನ್ನು ಟೆರೇಸಿನಿಂದ ಫುಟಿಂಗಿನವರೆಗೆ ನೆಟ್ಟಗೆ ಎಳೆದುಬಿಟ್ಟರೆ ಯಂತ್ರವೂ ಪಾಸು ಎಂದೇ ಹೇಳುತ್ತದೆ.

ಸುಮ್ಮನಿರುವ ಸಿ2

ಬಿರುಕಿಲ್ಲದ ಕಾರಣ ಸಿ2ರ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಅದರ ಪಾಲು ಪ್ರತಿ ಮಹಡಿಗೆ 7 ಚದರ ಮೀಟರ್. ಹೊರಗೋಡೆ, ಟೆರೇಸಿನ ಪ್ಯಾರಾಪೆಟ್ ಸೇರಿಸಿ ಹಿಂದಿನ ರೀತಿಯಲ್ಲೇ ಲೆಕ್ಕ ಹಾಕಿದರೆ ಎರಡು ಮಹಡಿಯ ಮನೆಗೆ 27 ಟನ್ ಬರುತ್ತದೆ. 1.2 ಮೀಟರ್ ಚೌಕದ ಫುಟಿಂಗು ಆ ಲೆಕ್ಕಕ್ಕೆ ಹಾಕಿದ್ದು. ಮಣ್ಣಿನ ಮೇಲೆ ಚದರ ಮೀಟರಿಗೆ 19 ಟನ್ ಒತ್ತಡ, ನಕ್ಷೆಯಲ್ಲಿ ಮಣ್ಣಿಗೆ ಹಿಡಿದದ್ದು 20.

ಮೂರನೆಯ ಮಹಡಿ ಬಂದ ಮೇಲೆ ಅದರದೇ ಪಾಲು 36 ಟನ್ ದಾಟಿತು. ಅದರ ಮೇಲೆ, ಪಿಲ್ಲರು ಜರುಗಿದ್ದರಿಂದ, ಬಿ2ರ ಪಾಲಿನ ಒಂದು ತುಂಡು ಬೀಮಿನ ಮೂಲಕ ಇಲ್ಲಿಗೆ ಬರುತ್ತಿದೆ. ಸರಳ ಹಂಚಿಕೆಯಲ್ಲಿ 6.6 ಟನ್. ಬೀಮು ಎ2ರವರೆಗೆ ಅಖಂಡವಾಗಿದೆ ಎಂದು ಹಿಡಿದರೆ ಮೂರೂವರೆ, ಆಗ ಎ2ರ ಭಾರ ಅಷ್ಟಿಷ್ಟು ಕಡಿಮೆಯಾಗುತ್ತದೆ. ಬಿ ಪಿಲ್ಲರಿನ ತಲೆಯ ಮೇಲೆ, ಟೈಲ್ಸಿನಡಿ ಕಾಣದಂತೆ, ಬೀಮಿನ ಮೇಲ್ಭಾಗ ಬಿರಿದಷ್ಟೂ ಹಂಚಿಕೆ ಮೂರೂವರೆಯಿಂದ ಆರೂವರೆಯ ಕಡೆಗೆ ಸರಿಯುತ್ತದೆ. ಅಂದರೆ ಸಿ2ರ ಫುಟಿಂಗಿನ ಮೇಲೆ ಈಗ 40ರಿಂದ 43 ಟನ್, ಮಣ್ಣಿನ ಮೇಲೆ ಚದರ ಮೀಟರಿಗೆ 28ರಿಂದ 30. ಹೆಚ್ಚಳದ ದೊಡ್ಡ ಪಾಲು ಹೊಸ ಮಹಡಿಯದು, ಉಳಿದದ್ದು ಆ ಎರಡೂವರೆ ಅಡಿಯದು. ನಮ್ಮ ಕೆಂಪು ಗ್ರಾವೆಲ್ ಮಣ್ಣು ಅಷ್ಟನ್ನು ತಡೆದೀತು, ತಡೆಯದೆಯೂ ಇದ್ದೀತು. ಪಕ್ಕದಲ್ಲಿ ಗುಂಡಿ ತೆಗೆದು ಫುಟಿಂಗಿನ ನಿಜವಾದ ಅಳತೆ ನೋಡಿ, ಮಣ್ಣಿನ ಪರೀಕ್ಷೆ ಮಾಡಿಸದೆ ಹೇಳುವ ಹಾಗಿಲ್ಲ. ಸ್ಟಿಲ್ಟಿನ ಬಿ2ರ ಫುಟಿಂಗಿಗೂ ಇದೇ ಮಾತು.

ರಿಪೇರಿ

ಬಿರುಕಿಗೆ ಎಪಾಕ್ಸಿ ತುಂಬುವುದು ಕೊನೆಯ ಕೆಲಸ, ಮೊದಲನೆಯದಲ್ಲ. ಬಿರುಕು ಮುಚ್ಚಿದರೂ 42 ಟನ್ ಅದೇ ಮುಕ್ಕಾಲು ಮೀಟರ್ ದಾಟುತ್ತಲೇ ಇರುತ್ತದೆ. ದಾರಿಯನ್ನೇ ನೆಟ್ಟಗೆ ಮಾಡಬೇಕು.

ಒಳ್ಳೆಯ ದಾರಿಯೆಂದರೆ ಮೇಲಿನ ಪಿಲ್ಲರಿನ ನೇರ ಕೆಳಗೆ ಹೊಸ ಪಿಲ್ಲರು, ಅದಕ್ಕೆ ಸ್ವಂತ ಫುಟಿಂಗು. ಅಂತರ ಬರೀ ಮುಕ್ಕಾಲು ಮೀಟರ್ ಆದ್ದರಿಂದ ಹಳೆಯ ಮತ್ತು ಹೊಸ ಪಿಲ್ಲರುಗಳನ್ನು ಒಂದಾಗಿಸಿ ಗೋಡೆಯಂಥ ಉದ್ದ ಪಿಲ್ಲರು ಮಾಡುವುದು ಇಲ್ಲಿ ಇನ್ನೂ ಅನುಕೂಲ. ಆಗ ಫುಟಿಂಗನ್ನು ಹೊಸ ಭಾರದ ಕೇಂದ್ರಕ್ಕೆ ಹೊಂದುವಂತೆ ಸಿ ಕಡೆಗೆ ವಿಸ್ತರಿಸಬೇಕು. ಹಳೆಯ ಫುಟಿಂಗಿನ ಮೇಲೆಯೇ ನಿಲ್ಲಿಸಿದರೆ ಭಾರ ಒಂದು ಪಕ್ಕಕ್ಕೆ ಬಿದ್ದು ಅದು ವಾಲುತ್ತದೆ. ಎರಡನೆಯ ಕಾರಿನ ಜಾಗ ಹೋಗುತ್ತದೆ, ಅದನ್ನು ಮಾಲೀಕರಿಗೆ ಮೊದಲೇ ಹೇಳಿಬಿಡಬೇಕು. ಕಾರಿಗಾಗಿ ಬೀಮಿನ ಸುತ್ತ ಹೊಸ ಕಂಬಿ, ಕಾಂಕ್ರೀಟು ಹೊದಿಸುವ ಜಾಕೆಟಿಂಗ್ ಮಾಡಿ ಉಳಿಸಿಕೊಳ್ಳಲು ಬರುತ್ತದೆಯೇ ಎಂದು ಕೇಳುತ್ತಾರೆ. ಬರುತ್ತದೆ, ಆದರೆ ಇಷ್ಟು ಶಿಯರಿಗೆ ಬೀಮಿನ ಅಗಲವನ್ನು ಎರಡು ಪಟ್ಟು ಮಾಡಬೇಕಾಗುತ್ತದೆ, ಸಿ2ರ ಹೆಚ್ಚುವರಿ ಭಾರ ಹಾಗೇ ಉಳಿಯುತ್ತದೆ. ಬೀಮಿನ ಮೇಲೆ ಕೂತ ಪಿಲ್ಲರುಗಳನ್ನು ಭೂಕಂಪದ ಮಾನಕ ಐಎಸ್ 1893ರ 2016ರ ಆವೃತ್ತಿ ಕಟ್ಟಡದ ರಚನೆಯ ಅನಿಯಮಿತತೆಗಳ ಪಟ್ಟಿಯಲ್ಲಿ ಸೇರಿಸಿದೆ. ಭೂಕಂಪದ ಅಡ್ಡ ಬಲಕ್ಕೂ ಇಂಥ ಕಡೆ ದಾರಿ ಮುರಿದಿರುತ್ತದೆ. ನಾನು ಜಾಕೆಟಿಂಗಿಗೆ ಒಪ್ಪಲಿಲ್ಲ.

ಹೊಸ ಪಿಲ್ಲರು ಕಟ್ಟಿದ ಮಾತ್ರಕ್ಕೆ ಭಾರ ಅದಕ್ಕೆ ಬರುವುದಿಲ್ಲ. ಬೀಮು ಈಗಾಗಲೇ ಇಳಿದು ನಿಂತಿದೆ, 42 ಟನ್ ಹಳೆಯ ದಾರಿಯಲ್ಲೇ ಹರಿಯುತ್ತಿದೆ. ಅಡಿಯಲ್ಲಿ ಹೊಸದಾಗಿ ಕಾಂಕ್ರೀಟು ಹಾಕಿದರೆ ಅದು ಕ್ಯೂರ್ ಆಗುತ್ತ ಕೂದಲೆಳೆಯಷ್ಟು ಕುಗ್ಗುತ್ತದೆ, ತಲೆಯ ಮೇಲೆ ಸಂದು ಉಳಿಯುತ್ತದೆ. ಮುಂದೆ ಬರುವ ಭಾರಕ್ಕೆ ಮಾತ್ರ ಅದು ಒದಗುತ್ತದೆ, ಅದೂ ಬೀಮು ಇನ್ನಷ್ಟು ಇಳಿದು ಸಂದು ಮುಚ್ಚಿದ ಮೇಲೆ. ಆದ್ದರಿಂದ ಹೊಸ ಪಿಲ್ಲರನ್ನು ಬೀಮಿನಿಂದ ಎರಡು ಮೂರು ಇಂಚು ಕೆಳಗೆ ನಿಲ್ಲಿಸಿ, ಮೇಲಿನ ಪಿಲ್ಲರಿನ ಅಡಿಯಲ್ಲಿ ಹೈಡ್ರಾಲಿಕ್ ಜಾಕುಗಳಿಂದ ಬೀಮನ್ನು ಮೆಲ್ಲಗೆ ಒತ್ತಿ, ಒತ್ತಡದ ಮೀಟರಿನಲ್ಲಿ ಎಷ್ಟು ಟನ್ ಎತ್ತಿಕೊಂಡಿತೆಂದು ಓದುತ್ತ ಹೋಗಬೇಕು. ಮನೆಯನ್ನು ಮೊದಲಿನ ಲೆವೆಲ್ಲಿಗೆ ಎತ್ತುವ ಆಸೆ ಬೇಡ, 7 ಮಿ.ಮೀ. ತಗ್ಗು ಹಾಗೇ ಇರಲಿ. ಎತ್ತಿದರೆ ಮೇಲಿನ ಗೋಡೆಗಳು ಮತ್ತೊಮ್ಮೆ ಬಿರಿಯುತ್ತವೆ. ಜಾಕಿನ ಒತ್ತಡ 30 ಟನ್ ಸುಮಾರಿಗೆ ಬಂದು, ಬಿರುಕಿನ ಅಗಲ ಕುಗ್ಗತೊಡಗಿದಾಗ ನಿಲ್ಲಿಸಿ, ಕುಗ್ಗದ ಗ್ರೌಟಿನಿಂದ ಸಂದು ಗಟ್ಟಿಯಾಗಿ ತುಂಬಿ, ಗ್ರೌಟು ಬಲ ಪಡೆದ ಮೇಲೆ ಜಾಕು ಸಡಿಲಿಸಬೇಕು. ಎಪಾಕ್ಸಿ ತುಂಬುವುದು ಆಮೇಲೆ.

ಸಡಿಲಿಸುವ ಮುಂಚೆ ಬೀಮಿನ ಬಿರುಕಿನ ಮೇಲೂ, ಮೂರೂ ಮಹಡಿಗಳ ಗೋಡೆಬಿರುಕುಗಳ ಮೇಲೂ ಗಾಜಿನ ಪಟ್ಟಿಗಳನ್ನು ಅಂಟಿಸಿ ತಾರೀಖು ಬರೆದಿಡಿ. ಸ್ಟಿಲ್ಟಿನ ಬಿ2 ಮತ್ತು ಸಿ2ರ ಮೇಲೆ ಲೆವೆಲ್ ಗುರುತು ಹಾಕಿ, ಒಂದು ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಮ್ಮೆ ಓದಿ. ಬೀಮಿನ ಗಾಜು ಒಡೆದರೆ ಭಾರ ಇನ್ನೂ ಹಳೆಯ ದಾರಿಯಲ್ಲೇ ಇದೆ, ಗ್ರೌಟು ಹಿಡಿದಿಲ್ಲ. ಬೀಮಿನದು ಗಟ್ಟಿಯಾಗಿದ್ದು ಸಿ2ರ ಗುರುತು ಮಾತ್ರ ಇಳಿಯುತ್ತಿದ್ದರೆ ಅಲ್ಲಿನ ಫುಟಿಂಗನ್ನು ದೊಡ್ಡದು ಮಾಡುವವರೆಗೆ ಮೂರನೆಯ ಮಹಡಿಯನ್ನು ಬಾಡಿಗೆಗೆ ಕೊಡಬಾರದು.